ಒಂದು ಸುತ್ತಿಗೆ ಐದೇ ಉಸಿರು: 6ರಿಂದ 8ನೇ ತರಗತಿ ಮಕ್ಕಳಿಗೆ ಸೂರ್ಯ ನಮಸ್ಕಾರ ಕಲಿಸುವುದು ಹೇಗೆ

ಮೇಷ್ಟ್ರು ‘ಒಂದು, ಎರಡು, ಮೂರು’ ಅಂತ ಜೋರಾಗಿ ಎಣಿಸುತ್ತಾರೆ. ಮಕ್ಕಳು ಪಟಪಟನೆ ಭಂಗಿ ಬದಲಿಸುತ್ತಾರೆ. 20 ಸೆಕೆಂಡಿನಲ್ಲಿ ಒಂದು ಸುತ್ತು ಮುಗಿದೇ ಹೋಗುತ್ತದೆ. ದೂರದಿಂದ ನೋಡಿದರೆ ಸಾಲು ಚೆನ್ನಾಗಿಯೇ ಕಾಣುತ್ತದೆ. ಹತ್ತಿರ ಹೋಗಿ ನೋಡಿ. ಅರ್ಧ ಮಕ್ಕಳ ತುಟಿ ಬಿಗಿದಿರುತ್ತದೆ, ಮುಖ ಕೆಂಪಾಗಿರುತ್ತದೆ, ಸುತ್ತು ಮುಗಿದ ಕೂಡಲೇ ‘ಹಾ...’ ಅಂತ ಉಸಿರು ಬಿಡುತ್ತಾರೆ. ಅವರು 12 ಹಂತವನ್ನೂ ಉಸಿರು ಕಟ್ಟಿಕೊಂಡೇ ಮಾಡಿದ್ದಾರೆ.

ಶಿವಮೊಗ್ಗ ಜಿಲ್ಲೆಯ ಮಲೆನಾಡಿನ ಕಡೆ ಶಾಲೆಗಳಲ್ಲಿ ಇದಕ್ಕೆ ಒಂದು ಕಾರಣವೂ ಇದೆ. ಶಾಲೆ ಶುರುವಾದ ಸ್ವಲ್ಪ ದಿನಕ್ಕೇ ಜೂನ್ 21ರ ಯೋಗ ದಿನ ಬರುತ್ತದೆ. ಹೊರಗೆ ಮಳೆ, ಮೈದಾನ ಕೆಸರು, ಕೈಯಲ್ಲಿ ಎರಡು ಮೂರು ವಾರ. ಅಷ್ಟರಲ್ಲಿ 12 ಹಂತ ಕಲಿಸಬೇಕು ಅಂತ ಹೊರಟರೆ ಭಂಗಿ ಬಾಯಿಪಾಠ ಆಗುತ್ತದೆ, ಉಸಿರು ಬಿಟ್ಟುಹೋಗುತ್ತದೆ. ನನ್ನ ಸಲಹೆ ಇಷ್ಟೇ. ಯೋಗ ದಿನಕ್ಕೆ ಮೊದಲ ಮೂರು ಹಂತ, ಕೊನೆಯ ಮೂರು ಹಂತ ಸಾಕು. ಪೂರ್ತಿ ನಮಸ್ಕಾರಕ್ಕೆ ರಥಸಪ್ತಮಿಯನ್ನು ಗುರಿ ಇಟ್ಟುಕೊಳ್ಳಿ. ಆಗ ಮೈದಾನವೂ ಒಣಗಿರುತ್ತದೆ, ಬೆಳಗಿನ ಬಿಸಿಲೂ ಹಿತವಾಗಿರುತ್ತದೆ.

ಜಾಗ, ಹೊತ್ತು, ಬಟ್ಟೆ

ಮಳೆಗಾಲದಲ್ಲಿ ಕಾರಿಡಾರೇ ಗತಿ. ಅದು ಕೆಟ್ಟ ಜಾಗ ಏನಲ್ಲ. ಐದನೇ ಹಂತದಲ್ಲಿ ಮೈ ಉದ್ದಕ್ಕೆ ಚಾಚಿದಾಗ ಒಂದು ಮಗುವಿಗೆ ಸುಮಾರು ಎರಡು ಮೀಟರ್ ಬೇಕು. ಕಾರಿಡಾರ್ ಅಷ್ಟು ಅಗಲ ಇದ್ದರೆ ಮಕ್ಕಳನ್ನು ಅಂಗಳದ ಕಡೆ ಮುಖ ಮಾಡಿಸಿ ಒಂದೇ ಸಾಲಲ್ಲಿ ನಿಲ್ಲಿಸಿ. ಇನ್ನರ್ಧ ತರಗತಿ ಗೋಡೆ ಪಕ್ಕ ಕೂತು ನೋಡಲಿ. ಅವರಿಗೂ ಒಂದು ಕೆಲಸ ಇದೆ, ಮುಂದೆ ಹೇಳುತ್ತೇನೆ.

ಜುಲೈ, ಆಗಸ್ಟ್‌ನಲ್ಲಿ ನಮ್ಮ ಕಡೆ ನೆಲವೇ ಬೆವರುತ್ತದೆ ಅಲ್ವಾ? ನುಣುಪಾದ ಗಾರೆ ನೆಲದಲ್ಲಿ ಎಂಟನೇ ಹಂತಕ್ಕೆ ಬಂದಾಗ ಅಂಗೈ ಜಾರಿ ಮುಖ ನೆಲಕ್ಕೆ ಬಡಿಯಬಹುದು. ಒಣ ಬಟ್ಟೆಯಿಂದ ಒರೆಸಿ. ಸಾಕ್ಸ್ ಬಿಚ್ಚಿಸಿ. ಜಮಖಾನೆ ಸುಕ್ಕಾಗಿ ಜಾರುತ್ತದೆ, ಬರಿ ನೆಲವೇ ವಾಸಿ. ಮಂಡಿ ಊರುವ ಕಡೆ ಮಾತ್ರ ಒಂದು ಟವೆಲ್ ಮಡಚಿ ಇಟ್ಟುಕೊಳ್ಳಲಿ.

ಬೆಳಗಿನ ಮೊದಲ ಪೀರಿಯಡ್ ಒಳ್ಳೆಯದು. ಕ್ಷೀರಭಾಗ್ಯದ ಹಾಲನ್ನು ಯೋಗ ಮುಗಿದ ಮೇಲೆ ಕೊಡಿಸಿ. ಮಧ್ಯಾಹ್ನದ ಬಿಸಿಯೂಟ ಆದ ಮೇಲೆ ಮೂರು ಗಂಟೆ ಬಿಡಬೇಕು ಅಂದರೆ ಆ ದಿನ ಶಾಲೆಯೇ ಮುಗಿಯುತ್ತದೆ. ಹಾಗಾಗಿ ಮಧ್ಯಾಹ್ನದ ಮೇಲೆ ಇದನ್ನು ಇಟ್ಟುಕೊಳ್ಳಲೇಬೇಡಿ. ಇನ್ನೊಂದು ಮಾತು. ಗುಡ್ಡ ಹತ್ತಿ ಇಳಿದು ದೂರದಿಂದ ನಡೆದು ಬರುವ ಮಕ್ಕಳಲ್ಲಿ ಕೆಲವರು ತಿಂಡಿ ತಿನ್ನದೇ ಬಂದಿರುತ್ತಾರೆ. ಬಗ್ಗಿ ಎದ್ದಾಗ ಅವರಿಗೆ ತಲೆ ತಿರುಗುತ್ತದೆ. ಶುರು ಮಾಡುವ ಮೊದಲು ಕೇಳಿ. ಅಂಥವರಿಗೆ ಆ ದಿನ ಉಸಿರಿನ ಅಭ್ಯಾಸ ಮಾತ್ರ ಸಾಕು.

ಲಂಗದ ಯೂನಿಫಾರ್ಮ್ ಇರುವ ಹುಡುಗಿಯರಿಗೆ ಒಳಗೆ ಲೆಗಿಂಗ್ಸ್ ಅಥವಾ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಬರಲು ಹಿಂದಿನ ದಿನವೇ ಹೇಳಿ. ಹುಡುಗಿಯರ ಹಿಂದೆ ಹುಡುಗರ ಸಾಲು ಇರಬಾರದು. ಇಷ್ಟು ನೋಡಿಕೊಳ್ಳದಿದ್ದರೆ ಏಳನೇ ತರಗತಿ ಹುಡುಗಿ ಸರಿಯಾಗಿ ಬಗ್ಗುವುದೇ ಇಲ್ಲ. ಅದನ್ನು ನೀವು ‘ಭಂಗಿ ತಪ್ಪು’ ಅಂತ ತಿದ್ದುತ್ತಾ ಕೂರುತ್ತೀರಿ.

ಮೊದಲ ಪಾಠ: ಹಮ್ಮಿಂಗ್

ಭಂಗಿಗಿಂತ ಮೊದಲು ಉಸಿರು. ಮಕ್ಕಳಿಗೆ ಒಂದೇ ನಿಯಮ ಹೇಳಿ: ಎದೆ ತೆರೆದರೆ ಉಸಿರು ಒಳಗೆ, ಹೊಟ್ಟೆ ಮಡಚಿದರೆ ಉಸಿರು ಹೊರಗೆ. 12 ಹಂತಕ್ಕೆ 12 ಉಸಿರಿನ ಸೂಚನೆ ಬಾಯಿಪಾಠ ಮಾಡಿಸಬೇಡಿ. ಈ ನಿಯಮ ಹಿಡಿದರೆ ಹೆಚ್ಚುಕಡಿಮೆ ಎಲ್ಲ ಹಂತವೂ ತಾನಾಗಿ ಬರುತ್ತದೆ.

ಉಸಿರು ಕಣ್ಣಿಗೆ ಕಾಣುವುದಿಲ್ಲ, ಅದೇ ಕಷ್ಟ. ಅದಕ್ಕೆ ಕಿವಿಗೆ ಕೇಳುವ ಹಾಗೆ ಮಾಡಿ. ಉಸಿರು ಬಿಡುವಾಗ ಬಾಯಿ ಮುಚ್ಚಿ, ಭ್ರಾಮರಿಯಲ್ಲಿ ಮಾಡುವ ಹಾಗೆ ಮೆಲ್ಲಗೆ ‘ಹ್ಮ್‌ಮ್‌ಮ್’ ಅನ್ನಲಿ. ಉಸಿರು ಕಟ್ಟಿಕೊಂಡು ಯಾರಿಗೂ ಹಮ್ಮಿಂಗ್ ಮಾಡಲು ಬರುವುದಿಲ್ಲ. ಎಲ್ಲಿ ಸದ್ದು ನಿಂತಿತೋ ಅಲ್ಲಿ ಉಸಿರು ನಿಂತಿದೆ ಅಂತ ಲೆಕ್ಕ. ಗೋಡೆ ಪಕ್ಕ ಕೂತವರಿಗೆ ಇದೇ ಕೆಲಸ. ತನ್ನ ಜೋಡಿಯ ಸದ್ದು ಯಾವ ಹಂತದಲ್ಲಿ ನಿಂತಿತು ಅಂತ ಕೇಳಿಸಿಕೊಂಡು ಆಮೇಲೆ ಹೇಳುವುದು. ಮಕ್ಕಳು ಇದನ್ನು ಬಲು ಚೆನ್ನಾಗಿ ಮಾಡುತ್ತಾರೆ. ಬೇರೆಯವರ ತಪ್ಪು ಹಿಡಿಯುವುದು ಅಂದರೆ ಸುಮ್ನೆ ಇರುತ್ತಾರಾ!

ಮೊದಲ ಪೀರಿಯಡ್‌ನಲ್ಲಿ ನಿಂತಲ್ಲೇ ಕೈ ಎತ್ತುತ್ತಾ ಉಸಿರು ತೆಗೆದುಕೊಳ್ಳುವುದು, ಕೈ ಇಳಿಸುತ್ತಾ ಹಮ್ಮಿಂಗ್ ಮಾಡುವುದು. ಇಷ್ಟೇ. ಒಳಗೆ 3 ಸೆಕೆಂಡ್, ಹೊರಗೆ 4 ಸೆಕೆಂಡ್ ಈ ವಯಸ್ಸಿಗೆ ಹಿತವಾದ ಅಳತೆ. ಉಸಿರು ಕೈಗಿಂತ ಒಂದು ಕ್ಷಣ ಮೊದಲು ಶುರುವಾಗಬೇಕು, ಕೈ ನಿಂತ ಮೇಲೆ ಮುಗಿಯಬೇಕು. ಉಸಿರು ಮೂಗಿನಲ್ಲೇ ಆಡಲಿ.

12 ಹಂತ, ಐದು ಉಸಿರು

ಹಂತಗಳ ಕ್ರಮ ಒಂದೊಂದು ಪಾಠದಲ್ಲಿ ಸ್ವಲ್ಪ ಬೇರೆ ಇದೆ. ಶಾಲೆಗೆ ಸರಿಹೊಂದುವ 12 ಹಂತದ ಕ್ರಮ ಇದು:

1. ನಮಸ್ಕಾರಾಸನ: ಪಾದ ಜೋಡಿಸಿ, ಕೈ ಮುಗಿದು ನೇರ ನಿಲ್ಲುವುದು. ಸಹಜ ಉಸಿರು.
2. ಹಸ್ತ ಉತ್ಥಾನಾಸನ: ಕೈ ಮೇಲೆ. ಉಸಿರು ಒಳಗೆ.
3. ಪಾದಹಸ್ತಾಸನ: ಮುಂದೆ ಬಗ್ಗಿ ಅಂಗೈ ಪಾದದ ಪಕ್ಕ. ಉಸಿರು ಹೊರಗೆ.
4. ಅಶ್ವ ಸಂಚಾಲನಾಸನ: ಬಲಗಾಲು ಹಿಂದೆ, ಮಂಡಿ ನೆಲಕ್ಕೆ, ಎದೆ ಮುಂದೆ. ಉಸಿರು ಒಳಗೆ.
5. ದ್ವಿಪಾದ ಪ್ರಸರಣಾಸನ: ಎಡಗಾಲೂ ಹಿಂದೆ. ದಂಡ ಹೊಡೆಯುವ ಭಂಗಿ ಅಂದರೆ ಮಕ್ಕಳಿಗೆ ಬೇಗ ತಿಳಿಯುತ್ತದೆ. ಉಸಿರು ಹೊರಗೆ.
6. ಸಾಷ್ಟಾಂಗ ನಮಸ್ಕಾರ: ಮಂಡಿ, ಎದೆ, ಗದ್ದ ನೆಲಕ್ಕೆ. ಅದೇ ಉಸಿರು ಹೊರಗೆ ಹೋಗುತ್ತಲೇ ಇರುತ್ತದೆ.
7. ಭುಜಂಗಾಸನ: ಎದೆ ಮೇಲೆ. ಉಸಿರು ಒಳಗೆ.
8. ಪರ್ವತಾಸನ: ಸೊಂಟ ಮೇಲೆ, ತಲೆ ತೋಳಿನ ನಡುವೆ. ಉಸಿರು ಹೊರಗೆ.
9. ಅಶ್ವ ಸಂಚಾಲನಾಸನ: ಬಲಗಾಲು ಮುಂದೆ. ಉಸಿರು ಒಳಗೆ.
10. ಪಾದಹಸ್ತಾಸನ: ಎಡಗಾಲೂ ಮುಂದೆ. ಉಸಿರು ಹೊರಗೆ.
11. ಹಸ್ತ ಉತ್ಥಾನಾಸನ: ಉಸಿರು ಒಳಗೆ.
12. ನಮಸ್ಕಾರಾಸನ: ಉಸಿರು ಹೊರಗೆ.

ಲೆಕ್ಕ ಹಾಕಿ. ಒಳಗೆ ಐದು ಸಲ, ಹೊರಗೆ ಐದು ಸಲ. ಒಂದು ಉಸಿರಿಗೆ 7 ಸೆಕೆಂಡ್ ಅಂದರೆ ಸುತ್ತು 35 ಸೆಕೆಂಡ್. ಐದು ಮತ್ತು ಆರನೇ ಹಂತಕ್ಕೆ ಸೇರಿ ಉದ್ದದ ಒಂದೇ ಉಸಿರು ಇರುವುದರಿಂದ 40ಕ್ಕೆ ಹೋಗುತ್ತದೆ. ನಿಮ್ಮ ತರಗತಿ 20 ಸೆಕೆಂಡಿಗೆ ಮುಗಿಸುತ್ತಿದೆ ಅಂದರೆ ಭಂಗಿ ನೋಡುವುದೇ ಬೇಡ, ಉಸಿರು ತಪ್ಪಿದೆ.

ಎರಡನೇ ಸುತ್ತಿನಲ್ಲಿ ಎಡಗಾಲು ಮೊದಲು ಹಿಂದೆ ಹೋಗುತ್ತದೆ, ಎಡಗಾಲೇ ಮೊದಲು ಮುಂದೆ ಬರುತ್ತದೆ. ಮಕ್ಕಳಿಗೆ ಗೊಂದಲ ಆಗುವುದು ಇಲ್ಲೇ. ಬಲಗಾಲಿನ ಹೆಬ್ಬೆರಳಿಗೆ ಸೀಮೆಸುಣ್ಣ ಹಚ್ಚಿ, ‘ಸುಣ್ಣದ ಕಾಲು’ ಅನ್ನಿ. ನೀವು ಮಕ್ಕಳ ಕಡೆ ಮುಖ ಮಾಡಿ ತೋರಿಸುವಾಗ ಬಾಯಲ್ಲಿ ಬಲಗಾಲು ಅಂತ ಹೇಳಿ ಎಡಗಾಲು ಹಿಂದಿಡಬೇಕು. ಅದು ತಲೆನೋವು ಅನ್ನಿಸಿದರೆ ಬೆನ್ನು ಮಾಡಿ ನಿಂತು ತೋರಿಸಿ.

ನಿಂತು ಮಾಡುವ ಹಂತಗಳ ತಪ್ಪು

ಎರಡನೇ ಹಂತದಲ್ಲಿ ಮಕ್ಕಳು ಪೈಪೋಟಿಗೆ ಬಿದ್ದು ಹಿಂದಕ್ಕೆ ಬಾಗುತ್ತಾರೆ. ಕೆಳಸೊಂಟ ಒಂದೇ ಕಡೆ ಮುರಿದು, ಕುತ್ತಿಗೆ ಜೋತುಬೀಳುತ್ತದೆ. ಕೆಲವರಿಗೆ ಅಲ್ಲೇ ತಲೆ ಸುತ್ತುತ್ತದೆ. ‘ಹಿಂದೆ ಬಾಗು’ ಅನ್ನಬೇಡಿ, ‘ಮೇಲಕ್ಕೆ ಬೆಳಿ’ ಅನ್ನಿ. ತೋಳು ಕಿವಿಗೆ ತಾಗಿರಲಿ. ತೋಳು ಕಿವಿ ಬಿಟ್ಟು ತಲೆ ಹಿಂದೆ ಹೋಯಿತು ಅಂದರೆ ಬಾಗಿದ್ದು ಜಾಸ್ತಿ ಆಯಿತು.

ಮೂರನೇ ಹಂತದಲ್ಲಿ ನಾವೇ ಒಂದು ತಪ್ಪು ಹೇಳಿಕೊಡುತ್ತೇವೆ: ‘ಮಂಡಿ ಬಗ್ಗಿಸಬೇಡ.’ ಈ ವಯಸ್ಸಿನಲ್ಲಿ ಮಕ್ಕಳು ಸರ್ರನೆ ಉದ್ದ ಆಗುತ್ತಾರೆ. ಸಾಮಾನ್ಯವಾಗಿ ಹುಡುಗಿಯರು 11-12ಕ್ಕೆ, ಹುಡುಗರು 13-14ಕ್ಕೆ. ಆ ದಿನಗಳಲ್ಲಿ ತೊಡೆಯ ಹಿಂಭಾಗ ಬಿಗಿಯಾಗಿರುತ್ತದೆ. ಹೋದ ವರ್ಷ ಸಲೀಸಾಗಿ ಬಗ್ಗಿದ ಹುಡುಗ ಈ ವರ್ಷ ಬಗ್ಗಲಾರ. ಸೋಮಾರಿತನ ಅಲ್ಲ ಅದು. ಮಂಡಿ ನೇರ ಇಟ್ಟು ಕುಲುಕಿ ಕುಲುಕಿ ನೆಲ ಮುಟ್ಟಲು ಹೋದರೆ ಬೆನ್ನು ಗೂನಾಗಿ ಅದರ ಮೇಲೆ ಭಾರ ಬೀಳುತ್ತದೆ. ಮಂಡಿ ಬಗ್ಗಲಿ. ಹೊಟ್ಟೆ ತೊಡೆಗೆ ತಾಗಲಿ, ಅಂಗೈ ನೆಲಕ್ಕೆ ಊರಲಿ. ಅಂಗೈ ಊರಿದ್ದು ಮುಖ್ಯ. ಯಾಕೆಂದರೆ ಇಲ್ಲಿ ಇಟ್ಟ ಕೈ ಹತ್ತನೇ ಹಂತದ ತನಕ ಜಾಗ ಬಿಟ್ಟು ಕದಲಬಾರದು.

ಅದಕ್ಕೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಕಾಲ್ಬೆರಳ ತುದಿಯೂ ಕೈಬೆರಳ ತುದಿಯೂ ಅದೇ ಗೆರೆಗೆ. ಕೈಗಳ ನಡುವೆ ಭುಜದಗಲ. ಸುತ್ತು ಮುಗಿದಾಗ ಕಾಲು ಗೆರೆಗೆ ವಾಪಸ್ ಬಂದಿರಬೇಕು.

ನಾಲ್ಕರಲ್ಲಿ ನೋಡಬೇಕಾದ್ದು ಮುಂದಿನ ಕಾಲಿನ ಮಂಡಿ. ಅದು ಹರಡಿನ ನೇರಕ್ಕೆ ನಿಲ್ಲಬೇಕು, ಒಳಗೆ ವಾಲಬಾರದು. ಆ ಕಾಲಿನ ಹಿಮ್ಮಡಿ ನೆಲ ಬಿಟ್ಟಿದ್ದರೆ ಹಿಂದಿನ ಕಾಲನ್ನು ಇನ್ನೂ ಹಿಂದೆ ಇಡಿಸಿ, ಸರಿಹೋಗುತ್ತದೆ.

ಐದು, ಆರು, ಏಳು: ಉಸಿರು ಕಟ್ಟುವ ಜಾಗ

ಜೋಡಿ ಮಕ್ಕಳನ್ನು ಕೇಳಿ ನೋಡಿ, ಸದ್ದು ನಿಂತದ್ದು ಐದರಲ್ಲಿ ಅಂತಲೇ ಹೆಚ್ಚಿನವರು ಹೇಳುತ್ತಾರೆ. ಕಾರಣ ಸರಳ. ಮೈಭಾರ ಕೈ ಮೇಲೆ ಬೀಳುತ್ತದೆ, ತೋಳಿಗೆ ಬಲ ಸಾಲುವುದಿಲ್ಲ, ಭಾರ ತಡೆಯಲು ಮಗು ಉಸಿರು ಬಿಗಿ ಹಿಡಿಯುತ್ತದೆ. ಭಾರ ಎತ್ತುವಾಗ ದೊಡ್ಡವರೂ ಹಾಗೇ ಮಾಡುತ್ತೇವೆ. ಕೆಲವು ಪಾಠಗಳಲ್ಲಿ ಐದನೇ ಹಂತದಲ್ಲಿ ಉಸಿರು ಹಿಡಿಯಿರಿ ಅಂತಲೇ ಇದೆ, ಆರರಲ್ಲಿ ಉಸಿರು ಹೊರಗೆ ನಿಲ್ಲಿಸಿ ಅಂತಲೂ ಇದೆ. ದೊಡ್ಡವರಿಗೆ ಅದು ಸರಿ ಇರಬಹುದು. ಮಕ್ಕಳಿಗೆ ಹಿಡಿಯುವುದನ್ನು ಹೇಳಿಕೊಡಲೇಬೇಡಿ. ಐದರಲ್ಲಿ ಶುರುವಾದ ಹಮ್ಮಿಂಗ್ ಗದ್ದ ನೆಲಕ್ಕೆ ತಾಗುವ ತನಕ ಹರಿಯಲಿ. ಎರಡು ಹಂತ, ಒಂದು ಉಸಿರು.

ಐದನ್ನು ತಿದ್ದಲು ಗಣಿತದ ಮೇಷ್ಟ್ರ ಮರದ ಮೀಟರ್ ಸ್ಕೇಲ್ ತನ್ನಿ. ಮಗುವಿನ ಬೆನ್ನಿನ ಉದ್ದಕ್ಕೆ ಇಡಿ. ತಲೆಯ ಹಿಂಭಾಗ, ಬೆನ್ನಿನ ಮೇಲ್ಭಾಗ, ಸೊಂಟದ ಕೆಳಗಿನ ಮೂಳೆ, ಈ ಮೂರಕ್ಕೂ ಸ್ಕೇಲ್ ತಾಗಬೇಕು. ಹೊಟ್ಟೆ ಜೋತುಬಿದ್ದರೆ ಸ್ಕೇಲಿನ ಕೆಳಗೆ ಸೊಂಟದ ಹತ್ತಿರ ಹೊಂಡ ಕಾಣುತ್ತದೆ, ಅಂಗೈ ಪೂರ್ತಿ ತೂರುತ್ತದೆ. ಕುಂಡಿ ಎದ್ದಿದ್ದರೆ ಸ್ಕೇಲ್ ಓರೆಯಾಗಿ ಎದ್ದು, ತಲೆಗೆ ತಾಗುವುದೇ ಇಲ್ಲ. ಬಾಯಲ್ಲಿ ಹತ್ತು ಸಲ ‘ನೇರ, ನೇರ’ ಅನ್ನುವುದಕ್ಕಿಂತ ಇದು ವಾಸಿ. ಭುಜ ಮಣಿಕಟ್ಟಿನ ನೇರಕ್ಕೆ ಇರಲಿ. ಸ್ಕೇಲ್ ನೇರ ಇದ್ದೂ ಹಮ್ಮಿಂಗ್ ನಿಂತರೆ, ಆ ಮಗುವಿಗೆ ಮಂಡಿ ಊರಿಸಿ. ಮಂಡಿ ಊರಿದ ಐದನೇ ಹಂತ ಒಂದು ತಿಂಗಳು ಮಾಡಿದರೂ ನಷ್ಟ ಇಲ್ಲ.

ಆರಕ್ಕೆ ಇಳಿಯುವಾಗ ಹೆಚ್ಚಿನ ಮಕ್ಕಳು ಧೊಪ್ಪನೆ ಹೊಟ್ಟೆ ಮೇಲೆ ಬೀಳುತ್ತಾರೆ. ಎಂಟು ಅಂಗ ಅಂದರೆ ಎರಡು ಪಾದ, ಎರಡು ಮಂಡಿ, ಎರಡು ಅಂಗೈ, ಎದೆ, ಗದ್ದ. ಹೊಟ್ಟೆ ಆ ಪಟ್ಟಿಯಲ್ಲಿ ಇಲ್ಲ. ಇಳಿಯುವ ಕ್ರಮ ಮಂಡಿ, ಎದೆ, ಗದ್ದ. ಮೊಣಕೈ ಪಕ್ಕೆಗೆ ಒತ್ತಿರಲಿ, ಹೊರಗೆ ಚಾಚಿದರೆ ಭುಜಕ್ಕೆ ನೋವು. ಹೊಟ್ಟೆ ಕೆಳಗೆ ನೋಟ್‌ಬುಕ್ ಇಟ್ಟು ‘ಇದಕ್ಕೆ ತಾಗಬಾರದು’ ಅನ್ನಿ. ಆಟದ ಹಾಗೆ ಕಲಿಯುತ್ತಾರೆ.

ಏಳರಲ್ಲಿ ಕೈ ಪೂರ್ತಿ ನೇರ ಮಾಡಿ, ಭುಜ ಕಿವಿ ತನಕ ಎತ್ತಿ, ಸೊಂಟವನ್ನೂ ಮೇಲೆತ್ತಿ ನಿಲ್ಲುವುದು ಮಾಮೂಲಿ ತಪ್ಪು. ಹೊಕ್ಕುಳು ನೆಲದಲ್ಲೇ ಇರಲಿ, ಮೊಣಕೈ ಸ್ವಲ್ಪ ಬಗ್ಗಿರಲಿ, ಭುಜ ಕೆಳಗೆ. ಎದೆ ನಾಲ್ಕು ಬೆರಳು ಎದ್ದರೂ ಸಾಕು. ಸರಿಯಾಗಿ ಮಾಡಿದ್ದಾರಾ ಅಂತ ತಿಳಿಯಲು ಒಂದು ಕ್ಷಣ ಅಂಗೈ ಎತ್ತಲು ಹೇಳಿ. ಎದೆ ಕೆಳಗೆ ಬಿದ್ದುಹೋದರೆ ಪೂರ್ತಿ ಕೈ ಬಲದ ಮೇಲೆ ನಿಂತಿದ್ದರು ಅಂತ ಅರ್ಥ.

ಎಂಟರಿಂದ ಒಂಬತ್ತಕ್ಕೆ: ಒಬ್ಬ ಹುಡುಗನ ಕತೆ

ಏಳನೇ ತರಗತಿಯ ಒಬ್ಬ ಹುಡುಗ. ಒಂದೇ ವರ್ಷದಲ್ಲಿ ಉದ್ದ ಬೆಳೆದಿದ್ದ. ಅವನ ಕಾಲು ಒಂಬತ್ತರಲ್ಲಿ ಮುಂದೆ ಬರುತ್ತಲೇ ಇರಲಿಲ್ಲ. ಅರ್ಧ ದಾರಿಯಲ್ಲಿ ನಿಂತು, ಕೈಯಿಂದ ಎಳೆದು ತರುತ್ತಿದ್ದ. ಕಾಲು ಬಿಗಿ ಅಂತ ಎಲ್ಲರೂ ಹೇಳಿದ್ದರು. ಅವನೂ ಅದನ್ನೇ ನಂಬಿದ್ದ.

ಅವನ ಜೋಡಿ ಹೇಳಿದ್ದು ಬೇರೆ: ‘ಸರ್, ಇವನ ಸದ್ದು ಐದರಲ್ಲೇ ನಿಲ್ತದೆ.’ ಅಲ್ಲಿಂದ ನೋಡುತ್ತಾ ಬಂದೆವು. ಐದರಲ್ಲಿ ಉಸಿರು ಕಟ್ಟಿದ್ದರಿಂದ ಏಳರಲ್ಲಿ ಒಳಗೆ ತೆಗೆದುಕೊಳ್ಳಲು ಜಾಗವೇ ಇರಲಿಲ್ಲ. ಎಂಟಕ್ಕೆ ಬರುವಷ್ಟರಲ್ಲಿ ಏದುಸಿರು. ಅದರ ಜೊತೆ ‘ಹಿಮ್ಮಡಿ ನೆಲಕ್ಕೆ ತಾಗಿಸು’ ಅಂತ ಯಾರೋ ಹೇಳಿದ್ದರು. ಹಿಮ್ಮಡಿ ತಾಗಿಸಲು ಅವನು ಕೈಯನ್ನು ಒಂದು ಗೇಣು ಹಿಂದೆ ಎಳೆದುಕೊಳ್ಳುತ್ತಿದ್ದ. ಬೆನ್ನು ಗೂನಾಗುತ್ತಿತ್ತು, ಸೊಂಟ ಕೆಳಗೇ ಉಳಿಯುತ್ತಿತ್ತು. ಸೊಂಟ ಕೆಳಗಿದ್ದರೆ ಕಾಲು ತೂರಿ ಬರಲು ಜಾಗ ಎಲ್ಲಿ?

ಮಾಡಿದ್ದು ಇಷ್ಟು. ಐದರಲ್ಲಿ ಮಂಡಿ ಊರಿಸಿದೆವು, ಹಮ್ಮಿಂಗ್ ವಾಪಸ್ ಬಂತು. ಎಂಟರಲ್ಲಿ ಕೈ ಗೆರೆ ಬಿಡದ ಹಾಗೆ ಜೋಡಿ ನೋಡಿಕೊಂಡ. ಹಿಮ್ಮಡಿ ಮೇಲೆ ಇರಲಿ, ಮಂಡಿ ಬಗ್ಗಲಿ, ಸೊಂಟ ಮಾತ್ರ ಮೇಲಕ್ಕೆ ಅಂದೆವು. ಬೆನ್ನು ತಾನಾಗಿ ಉದ್ದ ಆಯಿತು. ಆಮೇಲೆ ಎಂಟರಲ್ಲಿ ಉಸಿರು ಪೂರ್ತಿ ಹೊರಗೆ ಹೋದ ಮೇಲೆ ಎರಡು ಕೈ ನಡುವಿನ ಗೆರೆ ನೋಡಿ, ಉಸಿರು ತೆಗೆದುಕೊಳ್ಳುತ್ತಾ ಎರಡು ಸಣ್ಣ ಹೆಜ್ಜೆಯಲ್ಲಿ ಬಲಗಾಲು ತಂದ. ಕೆಲವು ವಾರದ ಮೇಲೆ ಎರಡು ಹೆಜ್ಜೆ ಒಂದಾಯಿತು. ಹಿಮ್ಮಡಿ ಈಗಲೂ ನೆಲಕ್ಕೆ ತಾಗುವುದಿಲ್ಲ. ತಾಗಬೇಕು ಅಂತಲೂ ಇಲ್ಲ.

ಹೀಗೆ ಒಂದು ಹಂತದಲ್ಲಿ ಕಾಣುವ ತಪ್ಪಿನ ಮೂಲ ಎರಡು ಮೂರು ಹಂತ ಹಿಂದೆ ಇರುತ್ತದೆ. ಸದ್ದು ಎಲ್ಲಿ ಮೊದಲು ನಿಂತಿತೋ ಅಲ್ಲಿಂದ ತಿದ್ದಿ.

ಸೂಚನೆ ಕೊಡುವ ರೀತಿ, ವಾರದ ಲೆಕ್ಕ

‘ನಾಲ್ಕು!’ ಅಂತ ಗುಡುಗಿದರೆ ಮೈ ಹಾರುತ್ತದೆ, ಉಸಿರು ಹಿಂದೆ ಉಳಿಯುತ್ತದೆ. ಮೊದಲು ಉಸಿರಿನ ಮಾತು, ಆಮೇಲೆ ಮೈಯ ಮಾತು: ‘ಉಸಿರು ತಗೊಳ್ತಾ... ಬಲಗಾಲು ಹಿಂದೆ.’ ‘ಬಿಡ್ತಾ... ಎಡಗಾಲು ಹಿಂದೆ, ಮಂಡಿ, ಎದೆ, ಗದ್ದ.’ ನಿಮ್ಮ ದನಿ ಎಷ್ಟು ಉದ್ದ ಎಳೆಯುತ್ತೀರೋ ಮಕ್ಕಳ ಉಸಿರು ಅಷ್ಟು ಉದ್ದ ಬರುತ್ತದೆ. ‘ಓಂ ಮಿತ್ರಾಯ ನಮಃ’ದಿಂದ ಶುರುವಾಗುವ 12 ಹೆಸರು ಹೇಳಿಸುವುದಾದರೆ ಸುತ್ತು ಶುರುವಾಗುವ ಮೊದಲು, ಒಂದು ಸುತ್ತಿಗೆ ಒಂದು ಹೆಸರು. ಮೈ ಆಡುವಾಗ ಕೂಗಿಸಿದರೆ ಉಸಿರಿನ ತಾಳ ಕೆಡುತ್ತದೆ. ಹೇಳಲು ಇಷ್ಟ ಇಲ್ಲದ ಮಕ್ಕಳು ಸುಮ್ಮನೆ ನಿಲ್ಲಲಿ, ಅಭ್ಯಾಸಕ್ಕೆ ಏನೂ ಕೊರತೆ ಇಲ್ಲ.

ವಾರಕ್ಕೆ ಎರಡು ಪೀರಿಯಡ್ ಸಿಕ್ಕರೆ ಆರು ವಾರ ಹಿಡಿಯುತ್ತದೆ. ಮೊದಲ ವಾರ ಹಮ್ಮಿಂಗ್ ಮತ್ತು ನಿಂತು ಮಾಡುವ ಹಂತಗಳು. ಎರಡನೇ ವಾರ ನಾಲ್ಕು, ಒಂಬತ್ತು. ಮೂರು, ನಾಲ್ಕನೇ ವಾರ ಪೂರ್ತಿ ಐದು-ಆರು-ಏಳಕ್ಕೆ ಕೊಡಿ, ಅವಸರ ಬೇಡ. ಐದನೇ ವಾರ ಎಂಟು ಸೇರಿಸಿ ಜೋಡಿಸುವುದು. ಆರನೇ ವಾರ ಎಡಗಾಲಿನ ಸುತ್ತು. ಎರಡು ಸುತ್ತಿನಿಂದ ಶುರು ಮಾಡಿ, ಆರಕ್ಕೆ ನಿಲ್ಲಿಸಿ. ಆರು ಸುತ್ತೂ ಹಮ್ಮಿಂಗ್ ಕಡಿಯದೆ ಬಂದವರು 12ಕ್ಕೆ ಹೋಗಲಿ. ಹಮ್ಮಿಂಗ್ ಕಲಿಯುವ ತನಕ ಮಾತ್ರ. ಉಸಿರು ಕೂತ ಮೇಲೆ ಸದ್ದಿಲ್ಲದೆ ಮೂಗಿನಲ್ಲಿ ಆಡಲಿ. ಕೊನೆಗೆ ಎರಡು ನಿಮಿಷ ಶವಾಸನ.

ಯಾರನ್ನು ಕೂರಿಸಬೇಕು

ಜ್ವರ, ಕಿವಿ ಸೋರುವುದು, ಕೈ ಮುರಿದು ಇನ್ನೂ ಗಟ್ಟಿಯಾಗದ್ದು, ಹರ್ನಿಯಾ, ಈಚೆಗೆ ಹೊಟ್ಟೆಯ ಆಪರೇಷನ್ ಆಗಿರುವುದು. ಇಂಥ ಮಕ್ಕಳಿಗೆ ಬೇಡ. ಹೃದಯದ ತೊಂದರೆ, ಮೂರ್ಛೆ ರೋಗ ಇದ್ದರೆ ಡಾಕ್ಟರ ಮಾತು ಕೇಳದೆ ಮಾಡಿಸಬೇಡಿ. ಥಂಡಿಯ ದಿನಗಳಲ್ಲಿ ಉಬ್ಬಸದ ಮಕ್ಕಳು ನಮ್ಮ ಕಡೆ ಪ್ರತಿ ತರಗತಿಯಲ್ಲೂ ಸಿಗುತ್ತಾರೆ. ಡಾಕ್ಟರು ಒಪ್ಪಿದ್ದರೆ, ಎದೆ ಸುಯ್ ಅನ್ನದ ದಿನ ಅವರು ನಿಧಾನಕ್ಕೆ ಮಾಡಬಹುದು. ಇನ್ಹೇಲರ್ ಕೈಗೆ ಸಿಗುವ ಹಾಗೆ ಇರಲಿ.

ಮುಟ್ಟಿನ ದಿನ ಮಾಡುವುದು ಬಿಡುವುದು ಹುಡುಗಿಗೆ ಬಿಟ್ಟದ್ದು. ಆದರೆ ಎಲ್ಲರ ಮುಂದೆ ಹೇಳುವ ಸ್ಥಿತಿ ಬರಬಾರದು. ಇದಕ್ಕೆ ಜೋಡಿ ಪದ್ಧತಿಯೇ ಅನುಕೂಲ. ‘ಇವತ್ತು ನಾನು ಕೇಳುವವಳು’ ಅಂತ ಗೋಡೆ ಪಕ್ಕ ಹೋಗಿ ಕೂತರೆ ಆಯಿತು. ಯಾಕೆ ಅಂತ ಯಾರೂ ಕೇಳುವ ಹಾಗಿಲ್ಲ, ನೀವೂ ಸೇರಿ.